ಆಂಕರ್ ಮಳಿಗೆ ಬಾಗಿಲು ಹಾಕಿದ ಮೇಲೆ ನಮ್ಮ ಅಂಗಡಿಯ ಬಾಡಿಗೆ

ಪುಣೆಯ ಪಶ್ಚಿಮ ಭಾಗದ ಒಂದು ಮಾಲಿನ ಕೆಳಮಹಡಿಯಲ್ಲಿ ನಾನು ಮತ್ತು ನನ್ನ ಭಾವ ಪಾಲುದಾರಿಕೆಯಲ್ಲಿ ಒಂದು ತಿಂಡಿ-ಕಾಫಿ ಅಂಗಡಿ ನಡೆಸುತ್ತೇವೆ. ನಾವಿಬ್ಬರೂ ಧಾರವಾಡದ ಕಡೆಯವರು. ಫಿಲ್ಟರ್ ಕಾಫಿ, ಇಡ್ಲಿ-ವಡೆ, ಸಂಜೆಯ ಹೊತ್ತಿಗೆ ಗಿರ್ಮಿಟ್ ಮತ್ತು ಮಿರ್ಚಿ ನಮ್ಮ ವ್ಯಾಪಾರ. ಅಂಗಡಿಯ ಅಳತೆ ನಾನೂರು ಚದರಡಿ. ನಮ್ಮ ಕೌಂಟರಿನ ಎದುರಿಗೇ ಒಂದು ದೊಡ್ಡ ಹೈಪರ್‌ಮಾರ್ಕೆಟ್ ಇತ್ತು, ಮೂವತ್ತೆಂಟು ಸಾವಿರ ಚದರಡಿಯದು. ಅದರ ಬಿಲ್ಲಿಂಗ್ ಸಾಲು ಮುಗಿಸಿ ಹೊರಬಂದವರು ಟ್ರಾಲಿಯನ್ನು ನಮ್ಮ ಕಟ್ಟೆಗೆ ಒರಗಿಸಿ ನಿಲ್ಲಿಸಿ, ಕಾಫಿ ಕುಡಿದು, ಆಮೇಲೆ ಪಾರ್ಕಿಂಗಿಗೆ ಹೋಗುತ್ತಿದ್ದರು. ಟ್ರಾಲಿಗಳು ತಾಗಿ ತಾಗಿ ನಮ್ಮ ಕೌಂಟರಿನ ಕೆಳಗಿನ ಸ್ಟೀಲ್ ಪಟ್ಟಿ ಒಂದೇ ಎತ್ತರದಲ್ಲಿ ಗೀರುಬಿದ್ದಿದೆ. ನಮ್ಮ ವ್ಯಾಪಾರದ ದೊಡ್ಡ ಪಾಲು ಬರುತ್ತಿದ್ದದ್ದು ಆ ಟ್ರಾಲಿಗಳಿಂದ.

2024ರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ಆ ಹೈಪರ್‌ಮಾರ್ಕೆಟ್ ಷಟರ್ ಎಳೆಯಿತು. ಅಲ್ಲಿಂದ ಮುಂದಿನ ಹದಿನಾಲ್ಕು ತಿಂಗಳು ಬಾಡಿಗೆಯ ವಿಷಯದಲ್ಲಿ ನಮಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾವುದನ್ನು ನಮ್ಮ ಕೈಯಾರೆ ಕಳೆದುಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಲಿನ ಹೆಸರನ್ನಾಗಲಿ ಆ ಹೈಪರ್‌ಮಾರ್ಕೆಟ್‌ನ ಹೆಸರನ್ನಾಗಲಿ ಬರೆಯುವುದಿಲ್ಲ. ಇನ್ನೂ ಅಲ್ಲೇ ಅಂಗಡಿ ನಡೆಸಬೇಕಾದವರು ನಾವು.

ಮೊದಲು ಕರಾರಿನ ಸ್ವರೂಪ ಹೇಳಬೇಕು. ನಮ್ಮದು ಅರವತ್ತು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. 2022ರಲ್ಲಿ ಹವೇಲಿಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಯಿತು. ತಿಂಗಳಿಗೆ 1,20,000 ರೂಪಾಯಿ ಮಿನಿಮಮ್ ಗ್ಯಾರಂಟಿ, ಅಥವಾ ನಿವ್ವಳ ಮಾರಾಟದ ಶೇಕಡಾ 14, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಅದರ ಮೇಲೆ ಮಾಲಿನ ಸಾಮಾನ್ಯ ಜಾಗಗಳ ನಿರ್ವಹಣೆಗೆಂದು 16,000 ರೂಪಾಯಿ ಕ್ಯಾಮ್ ಶುಲ್ಕ, ಎರಡರ ಮೇಲೂ ಜಿಎಸ್‌ಟಿ. ಆ ಹೈಪರ್‌ಮಾರ್ಕೆಟ್‌ನಂತೆ ಜನರನ್ನು ಮಾಲಿಗೆ ಸೆಳೆಯುವ ದೊಡ್ಡ ಮಳಿಗೆಗಳಿಗೆ ಆಂಕರ್ ಎನ್ನುತ್ತಾರೆ. ಅವು ಚದರಡಿಗೆ ಕೊಡುವ ಬಾಡಿಗೆ ನಮ್ಮಂಥವರು ಕೊಡುವುದಕ್ಕಿಂತ ಬಹಳ ಕಡಿಮೆ, ಏಕೆಂದರೆ ಜನರನ್ನು ಕರೆತರುವುದೇ ಅವರ ಪಾಲಿನ ಕೊಡುಗೆ ಎಂದು ಮಾಲಿನವರು ಲೆಕ್ಕ ಹಾಕುತ್ತಾರೆ. ಆ ಜನರ ಬೆಲೆಯನ್ನು ತೆರುವವರು ಎದುರಿನ ಸಣ್ಣ ಅಂಗಡಿಯವರು. ಹಾಗಿರುವಾಗ ಆಂಕರ್ ಹೋದರೆ ನಾವು ತೆರುತ್ತಿರುವ ಬೆಲೆಗೆ ಆಧಾರವೇ ಇರುವುದಿಲ್ಲ. ಆಂಕರ್ ಮುಚ್ಚಿದರೆ ಸಣ್ಣ ಅಂಗಡಿಯ ಬಾಡಿಗೆ ಇಳಿಸುವ ಕೋ-ಟೆನೆನ್ಸಿ ಕಲಂ ಹುಟ್ಟಿದ್ದು ಈ ಲೆಕ್ಕದಿಂದಲೇ.

ನಮ್ಮಷ್ಟು ಚಿಕ್ಕ ಅಂಗಡಿಗೆ ಇಲ್ಲಿ ಯಾರೂ ಸುಲಭವಾಗಿ ಆ ಕಲಂ ಕೊಡುವುದಿಲ್ಲ. ನಮಗೆ ಸಿಕ್ಕಿದ್ದಕ್ಕೆ ಕಾರಣ ಕಾಲ. ಕೋವಿಡ್ ಮುಗಿದು ಮಾಲಿನ ಆ ಭಾಗ ಅರ್ಧ ಖಾಲಿ ಬಿದ್ದಿತ್ತು. ದೀಪ ಹಚ್ಚುವ ಒಂದು ಅಂಗಡಿಯಾದರೂ ಬೇಕೆಂದು ಅವರು ಹಾತೊರೆಯುತ್ತಿದ್ದರು. ನಮ್ಮ ವಕೀಲರು ಸೊಲ್ಲಾಪುರದವರು, ಮನೆಮಾತು ಕನ್ನಡ. ಕರಾರಿಗೆ ಮುನ್ನ ಮಾಲಿನವರು ಬರೆದುಕೊಟ್ಟ ಲೆಟರ್ ಆಫ್ ಇಂಟೆಂಟ್‌ನಲ್ಲಿ ಆಂಕರಿನ ವಿಷಯವೂ, ಆ ಮಹಡಿಯಲ್ಲಿ ಇನ್ನೊಂದು ದಕ್ಷಿಣ ಭಾರತದ ತಿಂಡಿ ಅಂಗಡಿಗೆ ಜಾಗ ಕೊಡುವುದಿಲ್ಲ ಎಂಬ ಮಾತೂ ಇದ್ದವು, ಆದರೆ ಕರಡು ಕರಾರಿನಲ್ಲಿ ಎರಡೂ ಮಾಯವಾಗಿದ್ದವು. ನಾನು ಅದನ್ನು ದೊಡ್ಡದು ಮಾಡಲು ಹೋಗಿರಲಿಲ್ಲ, ಪತ್ರದಲ್ಲಿ ಇದೆಯಲ್ಲ ಎಂದುಕೊಂಡಿದ್ದೆ. ವಕೀಲರು ಕರಾರಿನ ಕೊನೆಯ ಪುಟ ತೆರೆದು ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದರು: ಈ ಕರಾರು ಹಿಂದಿನ ಎಲ್ಲ ಪತ್ರವ್ಯವಹಾರ, ಮಾತುಕತೆ, ಕರಪತ್ರಗಳನ್ನು ರದ್ದುಗೊಳಿಸಿ ಅವುಗಳ ಜಾಗದಲ್ಲಿ ನಿಲ್ಲುತ್ತದೆ.

“ಇದಕ್ಕ ಸಹಿ ಮಾಡಿದ ಮ್ಯಾಲೆ ಆ ಪತ್ರ ರದ್ದಿ ಕಾಗದ ಆಗತದ್ರಿ. ಬೇಕಾದ್ದು ಒಳಗ ಬರಸ್ರಿ,” ಎಂದರು. ಬರವಣಿಗೆಯಲ್ಲಿರುವ ಕರಾರಿಗೆ ವಿರುದ್ಧವಾದ ಬಾಯಿಮಾತಿನ ಸಾಕ್ಷ್ಯವನ್ನು ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 91 ಮತ್ತು 92ನೇ ಕಲಂಗಳಲ್ಲಿದ್ದ ಈ ನಿಯಮ 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಹಾಗೆಯೇ ಇದೆ. ಹಾಗಾಗಿ ಎರಡು ಕಲಂಗಳನ್ನೂ ಕರಾರಿನ ಅನುಬಂಧಕ್ಕೆ ಸೇರಿಸಿ, ಆ ಅನುಬಂಧವನ್ನೂ ಕೂಡಿಸಿಯೇ ನೋಂದಣಿ ಮಾಡಿಸಿದೆವು.

ಇನ್ನು ಆ ಕಲಂಗಳ ಮಾತು. ಕೋ-ಟೆನೆನ್ಸಿ ಕಲಂನ ತಿರುಳು ಇಷ್ಟು: ಎದುರಿನ ಮಳಿಗೆಯಲ್ಲಿ ಹೈಪರ್‌ಮಾರ್ಕೆಟ್ ಆಗಲಿ, ಅದರ ಜಾಗದ ಕನಿಷ್ಠ ಶೇಕಡಾ 75ರಷ್ಟನ್ನು ಒಂದೇ ಬ್ರ್ಯಾಂಡಾಗಿ ಹಿಡಿದ ಬೇರೊಬ್ಬರಾಗಲಿ ‘ಸಾರ್ವಜನಿಕ ವ್ಯಾಪಾರಕ್ಕೆ ತೆರೆದು ನಡೆಸುತ್ತಿರಬೇಕು’. ಹಾಗಿಲ್ಲದೆ ನಾವು ಲಿಖಿತ ನೋಟೀಸು ಕೊಟ್ಟ ದಿನದಿಂದ ತೊಂಬತ್ತು ದಿನ ಕಳೆದರೆ, ಮತ್ತು ನಮ್ಮ ಮಾರಾಟ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಕನಿಷ್ಠ ಶೇಕಡಾ 20 ಬಿದ್ದಿದ್ದರೆ, ಮಿನಿಮಮ್ ಗ್ಯಾರಂಟಿ ನಿಂತು, ನಿವ್ವಳ ಮಾರಾಟದ ಶೇಕಡಾ 10 ಮಾತ್ರ ಬಾಡಿಗೆಯಾಗುತ್ತದೆ. ಕ್ಯಾಮ್ ಶುಲ್ಕದಲ್ಲಿ ರಿಯಾಯಿತಿ ಇಲ್ಲ. ಈ ಸೌಲಭ್ಯ ಹೆಚ್ಚೆಂದರೆ ಹನ್ನೆರಡು ತಿಂಗಳು. ಅನಂತರ ನಾವು ಅರವತ್ತು ದಿನಗಳ ನೋಟೀಸು ಕೊಟ್ಟು ಜಾಗ ಬಿಡಬೇಕು, ಇಲ್ಲವೇ ಪೂರ್ಣ ಬಾಡಿಗೆಗೆ ಮರಳಬೇಕು. ಇದನ್ನು ಕೇಳುವ ಹೊತ್ತಿಗೆ ನಮ್ಮ ಕಡೆ ಬಾಡಿಗೆ ಬಾಕಿ ಇರಬಾರದು ಎಂಬುದು ಕೊನೆಯ ಷರತ್ತು.

ಷಟರ್ ಎಳೆದ ಬೆಳಿಗ್ಗೆ ಅದರ ಮೇಲೆ ‘ನವೀಕರಣಕ್ಕಾಗಿ ಮುಚ್ಚಲಾಗಿದೆ’ ಎಂಬ ಕಾಗದ ಅಂಟಿಸಿದ್ದರು. ಮಾಲಿನ ಮ್ಯಾನೇಜರು ಎದುರು ಸಿಕ್ಕಾಗಲೆಲ್ಲ ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತಿದ್ದರು. ನಾವು ಆ ಕಾಗದವನ್ನೂ ಆ ಮಾತನ್ನೂ ನಂಬಿ ಕುಳಿತೆವು. ಇದು ನಮ್ಮ ಮೊದಲನೆಯ ಮತ್ತು ಅತಿ ದುಬಾರಿಯಾದ ತಪ್ಪು. ವಕೀಲರಿಗೆ ಫೋನ್ ಮಾಡಿದ್ದು ಫೆಬ್ರುವರಿ ಕೊನೆಗೆ, ಅವರು ಕೇಳಿದ ಮೊದಲ ಪ್ರಶ್ನೆ, “ನೋಟೀಸು ಯಾವತ್ತು ಕೊಟ್ರಿ?” ಕೊಟ್ಟೇ ಇರಲಿಲ್ಲ. ತೊಂಬತ್ತು ದಿನಗಳ ಎಣಿಕೆ ಷಟರ್ ಬಿದ್ದ ದಿನದಿಂದಲ್ಲ, ನೋಟೀಸು ಮುಟ್ಟಿದ ದಿನದಿಂದ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ನೋಟೀಸು ಅವರ ಕೈಸೇರಿದ್ದು ಮಾರ್ಚ್ 6ರಂದು, ಅಂದರೆ ಅವಧಿ ಮುಗಿದದ್ದು ಜೂನ್ 4ಕ್ಕೆ. ಜನವರಿ 17ರಂದೇ ಮುಟ್ಟಿಸಿದ್ದರೆ ಏಪ್ರಿಲ್ 16ಕ್ಕೆ ಮುಗಿಯುತ್ತಿತ್ತು. ನಡುವಿನ ನಲವತ್ತೊಂಬತ್ತು ದಿನಗಳ ವ್ಯತ್ಯಾಸ ಒಂದು ಲಕ್ಷ ರೂಪಾಯಿಗೂ ಮೇಲೆ, ತೆರಿಗೆ ಬೇರೆ. ಆ ಹಣವನ್ನು ಯಾವ ವಾದದಿಂದಲೂ ಹಿಂದಕ್ಕೆ ಪಡೆಯಲಾಗಲಿಲ್ಲ.

ಎರಡನೆಯ ತಪ್ಪು ಏಪ್ರಿಲಿನಲ್ಲಿ ಆಗುವುದರಲ್ಲಿತ್ತು. ಭಾವ ಸಿಟ್ಟಿನಲ್ಲಿ, “ಅವರಿಗೆ ಬಾಡಗಿ ಯಾಕ ಕೊಡಬೇಕು, ನಿಲ್ಲಸೂಣು,” ಎಂದು ಆ ತಿಂಗಳ ಹಣ ತಡೆಹಿಡಿದರು. ಹನ್ನೊಂದು ದಿನ ತಡವಾದ ಮೇಲೆ ವಕೀಲರಿಗೆ ಗೊತ್ತಾಗಿ, ಕೂಡಲೇ ಬಡ್ಡಿಸಹಿತ ಕಟ್ಟಿಸಿದರು. ಬಡ್ಡಿ ಸಾವಿರ ರೂಪಾಯಿಯೂ ಆಗಲಿಲ್ಲ, ಆದರೆ ಕಟ್ಟದೆ ಬಿಟ್ಟಿದ್ದರೆ ‘ಬಾಕಿದಾರರಿಗೆ ಈ ಸೌಲಭ್ಯವಿಲ್ಲ’ ಎಂಬ ಒಂದೇ ಸಾಲಿನಿಂದ ಇಡೀ ಕಲಂ ಕೈತಪ್ಪಿ ಹೋಗುತ್ತಿತ್ತು. ನಮ್ಮ ಕಲಂನಲ್ಲಿ ಬಾಕಿ ‘ಉಳಿದಿರಬಾರದು’ ಎಂದಿತ್ತು, ‘ಎಂದೂ ಆಗಿರಬಾರದು’ ಎಂದಿರಲಿಲ್ಲ, ಅದೊಂದು ಅದೃಷ್ಟ.

ಜೂನ್ 5ರಿಂದ ಕಡಿಮೆ ಬಾಡಿಗೆ ಎಂದು ನಾವು ಬರೆದಾಗ ಮಾಲಿನ ಕಡೆಯಿಂದ ಎರಡು ವಾದಗಳು ಬಂದವು. ಮೊದಲನೆಯದು, ಹೈಪರ್‌ಮಾರ್ಕೆಟ್ ‘ಹೋಗಿಯೇ ಇಲ್ಲ’ ಎಂಬುದು. ಜಾಗ ಬಿಡಲಾಗದ ಅವರ ಲಾಕ್-ಇನ್ ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಆ ಕಂಪನಿ ಷಟರ್ ಎಳೆದ ಮೇಲೂ ಮಾಲಿಗೆ ಬಾಡಿಗೆ ಕಟ್ಟುತ್ತಿತ್ತು, ಕರಾರು ಜೀವಂತವಾಗಿತ್ತು, ಫಲಕವೂ ಮೇಲಿತ್ತು. ನಮ್ಮ ಕಲಂನಲ್ಲಿ ‘ಆಂಕರ್ ಮಾಲಿನ ಬಾಡಿಗೆದಾರನಾಗಿ ಮುಂದುವರಿದಿರಬೇಕು’ ಎಂದಿದ್ದರೆ ನಾವು ಅಲ್ಲಿಗೇ ಸೋತಿದ್ದೆವು. ‘ವ್ಯಾಪಾರಕ್ಕೆ ತೆರೆದು ನಡೆಸುತ್ತಿರಬೇಕು’ ಎಂಬ ಮಾತು ನಮ್ಮನ್ನು ಉಳಿಸಿತು. ಬಾಡಿಗೆ ಕಟ್ಟುತ್ತಾ ಮಳಿಗೆಯನ್ನು ಕತ್ತಲೆಯಲ್ಲಿಡುವ ಆಂಕರುಗಳು ಅಪರೂಪವೇನಲ್ಲ. ಕರಾರಿನ ಮಾತು ಬಾಡಿಗೆಯನ್ನು ಹಿಡಿಯುತ್ತದೆಯೋ ಬಾಗಿಲನ್ನು ಹಿಡಿಯುತ್ತದೆಯೋ ಎಂಬುದನ್ನು ಸಹಿಗೆ ಮೊದಲೇ ನೋಡಿಕೊಳ್ಳಬೇಕು. ನನ್ನ ಹೆಂಡತಿ ಪ್ರತಿ ಸೋಮವಾರ ಅಂಗಡಿ ತೆರೆದ ಕೂಡಲೇ ಆ ಷಟರಿನ ಫೋಟೊ ತೆಗೆದಿಡುತ್ತಿದ್ದಳು. ಆಗ ನಾನು ನಕ್ಕಿದ್ದೆ. ಆಮೇಲೆ ನಮ್ಮ ಕಡತದಲ್ಲಿ ಅದಕ್ಕಿಂತ ಗಟ್ಟಿಯಾದ ಕಾಗದ ಬೇರೆ ಇರಲಿಲ್ಲ.

ಎರಡನೆಯ ವಾದಕ್ಕಾಗಿ ಅವರು ಮೇ ತಿಂಗಳಿನಲ್ಲೇ ಸಿದ್ಧತೆ ಮಾಡಿದ್ದರು. ಷಟರಿನ ಒಂದು ಪಕ್ಕ ತೆರೆದು, ಒಳಗೆ ಪ್ಲೈವುಡ್ ಗೋಡೆ ನಿಲ್ಲಿಸಿ, ಬಟ್ಟೆ ಮತ್ತು ಚಾದರಗಳ ರಿಯಾಯಿತಿ ಮಾರಾಟ ಹಾಕಿಸಿದರು; ಆಂಕರಿನ ಜಾಗಕ್ಕೆ ಬದಲಿ ಬಂದಾಯಿತು ಎಂದರು. ನಾವು ಒಂದು ಮಧ್ಯಾಹ್ನ ಗಿರಾಕಿಗಳಂತೆ ಒಳಗೆ ಹೋಗಿ ನೆಲದ ಟೈಲುಗಳನ್ನು ಎಣಿಸಿದೆವು. ಎರಡಡಿ ಚೌಕದ ಟೈಲುಗಳು, ಉದ್ದಕ್ಕೆ ಅರವತ್ನಾಲ್ಕು, ಅಗಲಕ್ಕೆ ಮೂವತ್ತೆರಡು; ಅಂದರೆ ಎಂಟು ಸಾವಿರದ ಇನ್ನೂರು ಚದರಡಿಗೆ ತುಸು ಕಡಿಮೆ. ಮೂವತ್ತೆಂಟು ಸಾವಿರದಲ್ಲಿ ಅದು ಶೇಕಡಾ 22 ಸಹ ಅಲ್ಲ, ಬೇಕಾದದ್ದು 75. ಆ ಎಣಿಕೆಯನ್ನು ಪತ್ರದಲ್ಲಿ ಬರೆದ ಮೇಲೆ ಆ ವಾದ ಮತ್ತೆ ಬರಲಿಲ್ಲ.

ಮಾರಾಟದ ಕುಸಿತವನ್ನು ತೋರಿಸುವುದು ಸುಲಭವಾಗಿತ್ತು, ಏಕೆಂದರೆ ನಮ್ಮ ಬಿಲ್ಲಿಂಗ್ ಯಂತ್ರದ ದಿನದ ಲೆಕ್ಕ ಮಾಲಿನವರಿಗೂ ನೇರವಾಗಿ ಹೋಗುತ್ತಿತ್ತು. 2023ರ ಮಾರ್ಚಿನಿಂದ ಮೇವರೆಗೆ ತಿಂಗಳ ಸರಾಸರಿ 9.2 ಲಕ್ಷ; 2024ರ ಅದೇ ಮೂರು ತಿಂಗಳು 5.8 ಲಕ್ಷ. ಶೇಕಡಾ 37ರ ಕುಸಿತ. ಹಾಗಾಗಿ 1,20,000ದ ಬದಲು 58,000 ರೂಪಾಯಿ, ತಿಂಗಳಿಗೆ 62,000ದ ಉಳಿತಾಯ. ತಿಂಡಿ ಅಂಗಡಿಗಳಿಗೆ ಇನ್ನೊಂದು ಮಾತಿದೆ: ನಾವು ಗಿರಾಕಿಗಳಿಂದ ಶೇಕಡಾ 5ರ ದರದಲ್ಲಿ ಜಿಎಸ್‌ಟಿ ಪಡೆಯುವುದರಿಂದ, ಬಾಡಿಗೆಯ ಮೇಲೆ ತೆರುವ ಶೇಕಡಾ 18ನ್ನು ವಜಾ ಮಾಡಿಕೊಳ್ಳುವ ಹಕ್ಕು ನಮಗಿಲ್ಲ, ಅದು ಪೂರ್ತಿ ಖರ್ಚೇ. ಆದ್ದರಿಂದ 62,000 ಎಂದರೆ ನಮ್ಮ ಪಾಲಿಗೆ 73,160. ಬಾಡಿಗೆ ಇಳಿಸಿದರೆ ಸಾಲದು, ಹಳೆಯ ದರದಲ್ಲಿ ಹೊರಡಿಸಿದ ಇನ್‌ವಾಯ್ಸ್‌ಗಳಿಗೆ ತೆರಿಗೆಸಹಿತ ಕ್ರೆಡಿಟ್ ನೋಟ್ ಕೊಡಬೇಕು ಎಂದು ನಾವು ಪಟ್ಟು ಹಿಡಿದದ್ದು ಇದಕ್ಕಾಗಿ.

ಒಪ್ಪಿಗೆ ಬರುವವರೆಗೆ ಬಾಡಿಗೆ ಹೇಗೆ ಕಟ್ಟುವುದು ಎಂಬುದು ಸೂಕ್ಷ್ಮದ ಪ್ರಶ್ನೆಯಾಗಿತ್ತು. ಪೂರ್ತಿ ಕಟ್ಟಿದರೆ ಹಕ್ಕು ಬಿಟ್ಟಂತೆ ಕಾಣುತ್ತದೆ, ಕಡಿಮೆ ಕಟ್ಟಿದರೆ ಬಾಕಿದಾರರೆಂದು ಜಾಗ ಖಾಲಿ ಮಾಡಿಸಲು ಹೊರಡುತ್ತಾರೆ. ಇಲ್ಲಿ ಅಂಥ ದಾವೆ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತದೆ. ವಕೀಲರು ನಡುವಿನ ದಾರಿ ಹೇಳಿದರು. ತಿಂಗಳ ಏಳನೇ ತಾರೀಖಿನೊಳಗೆ ಶೇಕಡಾ 10ರ ಲೆಕ್ಕವನ್ನು ಪತ್ರದಲ್ಲಿ ಬಿಡಿಸಿ ಬರೆದು ಅಷ್ಟನ್ನು ಕಟ್ಟುವುದು, ಉಳಿದ 62,000ವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಡುವುದು. ಮಾಲಿನವರು ಗೆದ್ದರೆ ಆ ದಿನವೇ ಕೊಡಬಲ್ಲೆವೆಂದು ತೋರಿಸಲು ಅದು ಬೇಕಿತ್ತು. ಆ ಖಾತೆಯನ್ನು ನೋಡಿದಾಗಲೆಲ್ಲ ಭಾವನಿಗೆ ಹೊಟ್ಟೆ ಉರಿಯುತ್ತಿತ್ತು.

ಷಟರ್ ಬಿದ್ದ ದಿನದಿಂದ ಆದ ಲಾಭದ ನಷ್ಟವನ್ನೂ ಕೇಳೋಣವೆಂದು ನಾನು ವಕೀಲರನ್ನು ಒತ್ತಾಯಿಸಿದ್ದೆ. ಅವರು ಒಪ್ಪಲಿಲ್ಲ, ಮತ್ತು ಅವರ ಕಾರಣ ನನಗೆ ತಡವಾಗಿ ಅರ್ಥವಾಯಿತು. ಆಂಕರ್ ಇದ್ದೇ ಇರುತ್ತದೆ ಎಂದು ಮಾಲು ನಮಗೆ ವಚನ ಕೊಟ್ಟಿರಲಿಲ್ಲ. ಆಂಕರ್ ಇಲ್ಲದಿದ್ದರೆ ಬಾಡಿಗೆ ಇಷ್ಟಾಗುತ್ತದೆ ಎಂದು ಮಾತ್ರ ಹೇಳಿತ್ತು. ಅದು ಷರತ್ತು. ಷರತ್ತು ಈಡೇರದಿದ್ದರೆ ದರ ಬದಲಾಗುತ್ತದೆಯೇ ಹೊರತು ಯಾರೂ ಕರಾರು ಮುರಿದಂತಾಗುವುದಿಲ್ಲ. ಕರಾರು ಮುರಿದವರಿಂದ ನಷ್ಟ ವಸೂಲಿಗೆ ದಾರಿ ಕೊಡುವ ಕರಾರು ಕಾಯ್ದೆಯ 73ನೇ ಕಲಂ, ಮುರಿಯದಿರುವ ಕರಾರಿಗೆ ಅನ್ವಯಿಸುವುದಿಲ್ಲ. ಜನವರಿಯಿಂದ ಜೂನ್‌ವರೆಗಿನ ನಷ್ಟ ನಮ್ಮದೇ ಆಯಿತು.

ಪಕ್ಕದ ಮೊಬೈಲ್ ಸಾಮಾನುಗಳ ಅಂಗಡಿಯವರಿಗೆ ಇಷ್ಟೂ ಸಿಗಲಿಲ್ಲ. ಅವರ ಕರಾರಿನಲ್ಲಿ ಆಂಕರಿನ ಮಾತೇ ಇರಲಿಲ್ಲ. ಮಾಲಿನ ಕರಪತ್ರದಲ್ಲಿ ಹೈಪರ್‌ಮಾರ್ಕೆಟ್‌ನ ದೊಡ್ಡ ಚಿತ್ರವಿತ್ತೆಂಬುದನ್ನು ಹಿಡಿದು ಹೊರಟರು, ಆದರೆ ಹಿಂದಿನದೆಲ್ಲ ರದ್ದು ಎಂಬ ಸಾಲು ಅವರ ಕರಾರಿನಲ್ಲೂ ಇತ್ತು. ವ್ಯಾಪಾರ ನಡೆಸುವುದೇ ಅಸಾಧ್ಯವಾಗಿದೆಯೆಂದು ಕರಾರು ಕಾಯ್ದೆಯ 56ನೇ ಕಲಂ ತೋರಿಸೋಣವೆಂದರೆ, ಕರಾರು ಒಬ್ಬರಿಗೆ ನಷ್ಟದ್ದಾಯಿತೆಂಬ ಮಾತ್ರಕ್ಕೆ ಅದು ಮುರಿದುಬೀಳುವುದಿಲ್ಲವೆಂದು ಸುಪ್ರೀಂ ಕೋರ್ಟು 1960ರ ಅಲೋಪಿ ಪ್ರಸಾದ್ ಪ್ರಕರಣದಲ್ಲೇ ಹೇಳಿದೆ. ಅವರು ಲಾಕ್-ಇನ್ ಮುಗಿಯುವವರೆಗೆ ಪೂರ್ತಿ ಬಾಡಿಗೆ ಕಟ್ಟಿ ಹೋದರು.

ಇನ್ನೊಂದು ತಿಂಡಿ ಅಂಗಡಿಗೆ ಜಾಗ ಕೊಡುವುದಿಲ್ಲವೆಂಬ ಎಕ್ಸ್‌ಕ್ಲೂಸಿವ್ ಕಲಂನ ಕತೆ ಆಗಸ್ಟಿನಲ್ಲಿ ಶುರುವಾಯಿತು. ಖಾಲಿ ಜಾಗದ ಮುಂಭಾಗವನ್ನು ಸಣ್ಣ ತಿಂಡಿ ಕೌಂಟರುಗಳಾಗಿ ಒಡೆಯುತ್ತಾರೆ, ಅದರಲ್ಲೊಂದು ಫಿಲ್ಟರ್ ಕಾಫಿ ಮತ್ತು ದೋಸೆಯದು ಎಂಬ ಸುದ್ದಿ ಮೊದಲು ಬಂದದ್ದು ಹೌಸ್‌ಕೀಪಿಂಗ್ ಹುಡುಗನಿಂದ. ನಮ್ಮ ಕಲಂ ಹೇಳುತ್ತಿದ್ದದ್ದು, ಕೆಳಮಹಡಿಯಲ್ಲಿ ದಕ್ಷಿಣ ಭಾರತದ ತಿಂಡಿ ಮತ್ತು ಫಿಲ್ಟರ್ ಕಾಫಿಯೇ ಮುಖ್ಯ ವ್ಯಾಪಾರವಾಗಿರುವ ಇನ್ನೊಬ್ಬರಿಗೆ ಮಾಲು ಜಾಗ ಕೊಡುವುದಿಲ್ಲ ಎಂದು. ಒಂದು ವಿನಾಯಿತಿ ಇತ್ತು: ಹೈಪರ್‌ಮಾರ್ಕೆಟ್ ತನ್ನ ಒಳಗೆ ತಿಂಡಿ ಮಾರಬಹುದು. ಆ ವಿನಾಯಿತಿ ಆ ಜಾಗಕ್ಕೆ ಸೇರಿದ್ದು, ಆದ್ದರಿಂದ ಆ ಜಾಗದಲ್ಲಿ ಯಾರೇ ಬಂದರೂ ಅನ್ವಯಿಸುತ್ತದೆ ಎಂದು ಮಾಲಿನವರು ವಾದಿಸಿದರು. ವಿನಾಯಿತಿಯ ವಾಕ್ಯದಲ್ಲಿ ಮಳಿಗೆಯ ಸಂಖ್ಯೆ ಇರಲಿಲ್ಲ, ‘ಹೈಪರ್‌ಮಾರ್ಕೆಟ್ ನಡೆಸುವವರು’ ಎಂದಿತ್ತು. ನಡೆಸುವವರೇ ಇಲ್ಲದ ಮೇಲೆ ವಿನಾಯಿತಿಯೂ ಇಲ್ಲ ಎಂದು ನಾವು ಬರೆದೆವು.

ಇಲ್ಲಿ ನಮ್ಮ ನೆಲ ಗಟ್ಟಿಯಾಗಿತ್ತು, ಏಕೆಂದರೆ ಇದು ಷರತ್ತಲ್ಲ, ಮಾಲು ಕೊಟ್ಟ ವಚನ. ಮುರಿದರೆ ನಷ್ಟವನ್ನೂ ಕೇಳಬಹುದು, ಅದಕ್ಕಿಂತ ಮುಖ್ಯವಾಗಿ, ‘ಇದನ್ನು ಮಾಡುವುದಿಲ್ಲ’ ಎಂಬ ಕರಾರನ್ನು ಪಾಲಿಸುವಂತೆ ನಿರ್ದಿಷ್ಟ ಪರಿಹಾರ ಕಾಯ್ದೆಯ 42ನೇ ಕಲಂ ಪ್ರಕಾರ ತಡೆಯಾಜ್ಞೆ ಕೇಳಬಹುದು. ಇಂಥ ಕಲಂ ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿ, ಆದ್ದರಿಂದ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಸಿಂಧು ಎಂದು ಅವರ ವಕೀಲರು ಒಂದು ಉತ್ತರ ಬರೆದರು. ಕರಾರು ನಡೆಯುತ್ತಿರುವ ಅವಧಿಯೊಳಗಿನ ಇಂಥ ನಿರ್ಬಂಧಗಳಿಗೆ ಸಾಮಾನ್ಯವಾಗಿ ಆ ಕಲಂ ತಾಗುವುದಿಲ್ಲವೆಂದು 1995ರ ಗುಜರಾತ್ ಬಾಟ್ಲಿಂಗ್ ತೀರ್ಪು ತೋರಿಸಿ ನಮ್ಮವರು ಮರುತ್ತರ ಕೊಟ್ಟರು. ದಾವೆಯ ಕರಡೂ ಜೊತೆಗೆ ಹೋಯಿತು. ತಡೆಯಾಜ್ಞೆ ಬಂದರೆ ಆ ಇಡೀ ಜಾಗವನ್ನು ಯಾರಿಗೂ ತೋರಿಸಲಾಗದೆ ಸಿಕ್ಕಿಕೊಳ್ಳುತ್ತಾರೆ ಎಂಬ ಭಯದಿಂದಲೇ ಇರಬೇಕು, ಅದುವರೆಗೆ ಪತ್ರಗಳಿಗೆ ಮಾತ್ರ ಉತ್ತರಿಸುತ್ತಿದ್ದವರು ಸೆಪ್ಟೆಂಬರ್ ಮೊದಲ ವಾರ ಮಾತಿಗೆ ಕರೆದರು. ಬಾಡಿಗೆಯ ಕಲಂನಿಂದ ಅಲ್ಲಾಡದವರನ್ನು ಕಾಫಿಯ ಕಲಂ ಅಲ್ಲಾಡಿಸಿತು.

ಒಪ್ಪಂದ ಎರಡು ಪುಟದ್ದು. ಜೂನ್ 5ರಿಂದ ಶೇಕಡಾ 10ರ ದರವನ್ನು ಅವರು ಒಪ್ಪಿದರು. ಹಳೆಯ ಇನ್‌ವಾಯ್ಸ್‌ಗಳಿಗೆ ತೆರಿಗೆಸಹಿತ ಕ್ರೆಡಿಟ್ ನೋಟ್ ಬಂದಿತು. ಬೇರೆ ಖಾತೆಯ ಹಣ ನಮ್ಮದಾಯಿತು. ದೋಸೆ ಕೌಂಟರು ಕೆಳಮಹಡಿಗೆ ಬರಲಿಲ್ಲ, ಮೂರನೆಯ ಮಹಡಿಯ ಫುಡ್ ಕೋರ್ಟಿಗೆ ಹೋಯಿತು. ಅದಕ್ಕೆ ನಾವೇನೂ ಹೇಳುವಂತಿರಲಿಲ್ಲ, ಏಕೆಂದರೆ ನಮ್ಮ ಕಲಂ ಕೆಳಮಹಡಿಗೆ ಮಾತ್ರ ಸೀಮಿತವಾಗಿತ್ತು. ಇಡೀ ಮಾಲು ಎಂದು ಬರೆಸಲು 2022ರಲ್ಲಿ ನಾವು ಕೇಳಿಯೂ ಇರಲಿಲ್ಲ.

ಒಂಬತ್ತೂವರೆ ತಿಂಗಳು ಕಡಿಮೆ ಬಾಡಿಗೆ ನಡೆಯಿತು. 2025ರ ಮಾರ್ಚ್ ಮೂರನೆಯ ವಾರ ಎದುರಿನ ಜಾಗದಲ್ಲಿ ಒಂದು ಕ್ರೀಡಾ ಸಾಮಗ್ರಿಗಳ ಮಳಿಗೆ ತೆರೆಯಿತು. ಅವರು ಹಿಡಿದದ್ದು ಇಪ್ಪತ್ತೊಂಬತ್ತು ಸಾವಿರ ಚದರಡಿ. ಈ ಸಲ ಟೈಲು ಎಣಿಸಬೇಕಾಗಲಿಲ್ಲ, ಮಾಲಿನವರೇ ನಕ್ಷೆ ಕಳಿಸಿದರು: ಶೇಕಡಾ 76.3. ಒಂದೇ ಬ್ರ್ಯಾಂಡು, ತೆರೆದು ನಡೆಸುತ್ತಿದೆ, 75ಕ್ಕಿಂತ ಹೆಚ್ಚು. ತೆರೆದ ದಿನದಿಂದ ಮಿನಿಮಮ್ ಗ್ಯಾರಂಟಿ ಮರಳಿತು.

ಆದರೆ ಅಕ್ಕಿ-ಬೇಳೆ-ತರಕಾರಿಗೆ ವಾರವಾರ ಬರುವವರು ಬೇರೆ, ಬೂಟು ಕೊಳ್ಳಲು ವರ್ಷಕ್ಕೆ ಎರಡು ಸಲ ಬರುವವರು ಬೇರೆ. ಈಗ ನಮ್ಮ ಮಾರಾಟ ತಿಂಗಳಿಗೆ 6.9 ಲಕ್ಷದ ಆಸುಪಾಸಿನಲ್ಲಿ ನಿಂತಿದೆ; ಅದರ ಶೇಕಡಾ 14 ಒಂದು ಲಕ್ಷವೂ ಆಗುವುದಿಲ್ಲ, ಕಟ್ಟುವುದು ಮಾತ್ರ 1,20,000. ಬದಲಿ ಆಂಕರನ್ನು ನಾವು ಚದರಡಿಯಿಂದ ಅಳೆದಿದ್ದೆವು, ಏನು ಮಾರುತ್ತಾರೆ ಎಂಬುದರಿಂದ ಅಳೆದಿರಲಿಲ್ಲ. ಕರಾರು 2027ರ ಜುಲೈಗೆ ಮುಗಿಯುತ್ತದೆ. ನವೀಕರಣಕ್ಕಾಗಿ ವಕೀಲರಿಗೆ ಕಳಿಸಿರುವ ನಮ್ಮ ಪಟ್ಟಿಯಲ್ಲಿ ಮೊದಲ ಸಾಲು ‘ದಿನಸಿ ಮತ್ತು ತಾಜಾ ತರಕಾರಿ ಮಾರುವ’ ಎಂಬ ಐದು ಪದಗಳನ್ನು ಬದಲಿ ಆಂಕರಿನ ವ್ಯಾಖ್ಯೆಗೆ ಸೇರಿಸುವುದು. ಎರಡನೆಯದು, ತೊಂಬತ್ತು ದಿನಗಳನ್ನು ಷಟರ್ ಬಿದ್ದ ದಿನದಿಂದಲೇ ಎಣಿಸುವುದು. ಎರಡನೆಯದನ್ನು ಅವರು ಒಪ್ಪಬಹುದು, ಮೊದಲನೆಯದು ಕಷ್ಟ ಎಂದು ವಕೀಲರು ಹೇಳಿದ್ದಾರೆ.